ಚಂದ್ರಿಕೆ ಎತ್ತರದ ಮದುಮಗಳು

ಆಫ್ತಾಬನಿಗೆ ಹೊಲಿಯಲು ಬರುವುದಿಲ್ಲ. ಇದೇನು ಅವನ ಮೇಲೆ ಹೊರಿಸುವ ದೂರಲ್ಲ, ಚನ್ನಪಟ್ಟಣದಲ್ಲಿ ರವಿಕೆ ಹೊಲಿಸುವ ಪ್ರತಿಯೊಂದು ಮನೆಗೂ ಗೊತ್ತಿರುವ ಸಂಗತಿ. ಹೊಲಿಯುವವಳು ಅವನ ಹೆಂಡತಿ ಕೆಹಕಶಾನ್. ಆ ಹೆಸರು ಹಳ್ಳಿಯವರ ಬಾಯಿಗೆ ಸುಲಭವಾಗಿ ಹೊರಳದೆ ಇದ್ದುದರಿಂದ ಅವಳು ಎಲ್ಲರಿಗೂ ಟೈಲರಕ್ಕ. ಅವನು ಟೈಲರಕ್ಕನ ಗಂಡ. ಹುಕ್ಕು ಹಾಕುವುದು, ಸೀರೆಗೆ ಫಾಲ್ ಹಚ್ಚುವುದು, ಗಿರಾಕಿಗಳಿಗೆ ಟೀ ತರುವುದು, ಕರೆಂಟು ಹೋದಾಗ ಬೆಸ್ಕಾಂ ಆಫೀಸಿಗೆ ಫೋನ್ ಮಾಡಿ ಬಯ್ಯುವುದು, ಇವಿಷ್ಟು ಅವನ ಖಾತೆಗಳು. ಇಪ್ಪತ್ತು ವರ್ಷ ಈ ಖಾತೆಗಳನ್ನು ನಿಭಾಯಿಸಿದ ಮೇಲೆ ಗಂಡಸಿಗೆ ತನ್ನ ಹೆಸರೂ ಒಂದು ಬೋರ್ಡಿನ ಮೇಲೆ ಇರಲಿ ಅನ್ನಿಸಿದರೆ ಅದನ್ನು ದುರಾಸೆ ಎನ್ನಲಾಗದು.

ಆ ಬೋರ್ಡು ಬಂದದ್ದು ಫೋನಿನ ದೆಸೆಯಿಂದ. ಗಿರಾಕಿಯ ಫೋಟೋ ಹಾಕಿ, ಇಂಥ ಸೀರೆ ಉಡಿಸು, ಇಂಥ ರವಿಕೆ ತೊಡಿಸು ಎಂದು ಕನ್ನಡದಲ್ಲೇ ಬರೆದರೆ ಸಾಕು, ಅರೆ ನಿಮಿಷದಲ್ಲಿ ಹಾಗೇ ಉಡಿಸಿ ತೋರಿಸುವ ಎಐ ಒಂದು ಅವನ ಕೈಗೆ ಸಿಕ್ಕಿತು. ಮರುವಾರವೇ ಅಂಗಡಿಯ ಬಾಗಿಲ ಮೇಲೆ ಹಳದಿ ಅಕ್ಷರಗಳು ಎದ್ದವು: "ಹೊಲಿಸುವ ಮುಂಚೆಯೇ ಉಟ್ಟು ನೋಡಿ. ಸಂಪರ್ಕಿಸಿ: ಆಫ್ತಾಬ್." ಕೆಹಕಶಾನಳ ಹೆಸರಿಗಿಂತ ಅವನ ಹೆಸರು ಎರಡು ಬೆರಳು ದೊಡ್ಡದಾಗಿತ್ತು. ಅವಳು ಅದನ್ನು ಟೇಪು ಹಿಡಿಯದೆ ಬರೀ ಕಣ್ಣಲ್ಲೇ ಅಳೆದು ಮತ್ತೆ ಮಿಷನ್ ತುಳಿದಳು.

ಹೆಂಗಸರು ಮುಗಿಬಿದ್ದರು. ಬೀಳದೆ ಏನು ಮಾಡಿಯಾರು? ಆಫ್ತಾಬನ ಫೋಟೋದಲ್ಲಿ ಎಲ್ಲರೂ ತೆಳ್ಳಗಾಗುತ್ತಿದ್ದರು. ಮೂರು ಹೆತ್ತವಳೂ ತೆಂಗಿನ ಸಸಿಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದಳು. ಕತ್ತು ಉದ್ದವಾಗುತ್ತಿತ್ತು, ತೋಳು ನುಗ್ಗೆಕಾಯಾಗುತ್ತಿತ್ತು. ಇದು ತನ್ನ ಕೈಚಳಕ ಎಂದೇ ಆಫ್ತಾಬ್ ನಂಬಿದ್ದ. ಯಾರೂ ಅವನಿಗೆ ಫೋಟೋ ತಪ್ಪಾಗಿದೆ ಎನ್ನಲಿಲ್ಲ. ತಿಂಗಳಾದ ಮೇಲೆ ಬಂದು ಅವನ ಹೆಂಡತಿಗೆ ರವಿಕೆ ತಪ್ಪಾಗಿದೆ ಎಂದರು.

"ಟೈಲರಕ್ಕ, ಫೋಟೋದಾಗೆ ಸೊಂಟ ಎಂಗಿತ್ತು, ನೀವು ಹೊಲಿದ್ಮೇಲೆ ಎಂಗಾಯ್ತು ನೋಡಿ" ಎಂದು ಒಬ್ಬಳು.

"ಸೊಂಟ ನಾನು ಹೊಲಿಯಾಕಿಲ್ಲ ತಾಯಿ, ರವಿಕೆ ಹೊಲೀತೀನಿ" ಎಂದು ಕೆಹಕಶಾನ್.

ಗಂಡ ಹೆಂಡತಿ ಮಾತಾಡುವುದು ಮನೆಯ ಉರ್ದುವಿನಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ಅಂಗಡಿಗೆ ಬಂದವರಿಗೂ ಅರ್ಥವಾಗಲಿ ಎಂಬ ಸದುದ್ದೇಶದಿಂದ. ಅಂದಿನಿಂದ ಅಂಗಡಿಯಲ್ಲಿ ಕನ್ನಡ ಹೆಚ್ಚಾಯಿತು.

ಅಕ್ಕೂರಿನ ಕೆಂಚಮ್ಮನ ಮಗಳು ಭಾನುಪ್ರಿಯ ಫೋಟೋ ಕಳಿಸಿದ್ದು ಇದೇ ಕಾಲಕ್ಕೆ. ಕೆಂಚಮ್ಮನ ಮನೆಯದು ರೇಷ್ಮೆ ಹುಳದ ಸಾಕಣೆ. ಭಾನುಪ್ರಿಯ ಹೈಸ್ಕೂಲಿನಿಂದಲೂ ಸೊಪ್ಪು ಹೊತ್ತು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಎತ್ತಿ ಗಟ್ಟಿಯಾದ ಹುಡುಗಿ. ಐದಡಿಗೆ ಕಮ್ಮಿ ಎತ್ತರ, ಅದಕ್ಕೆ ತಕ್ಕಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಅಗಲ, ಮನೆ ತುಂಬುವ ನಗು. ಕುದೂರಿನ ಮನೋಹರ್ ಜೊತೆ ಮದುವೆ ಗೊತ್ತಾಗಿತ್ತು. ಅವನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಬಂದು ನೋಡಿ ಒಪ್ಪಿ ಹೋಗಿದ್ದ. ಗಂಡಿನ ಕಡೆಯವರು ಧಾರೆ ಸೀರೆ ಕೊಟ್ಟು ಕಳಿಸಿದ್ದರು. ಅದಕ್ಕೆ ಎಂಥ ರವಿಕೆ ಒಪ್ಪೀತೆಂದು ನೋಡಲು ಹುಡುಗಿ ತನ್ನದೊಂದು ಫೋಟೋ ಮತ್ತು ಸೀರೆಯದೊಂದು ಫೋಟೋ ಆಫ್ತಾಬನಿಗೆ ವಾಟ್ಸಾಪ್ ಮಾಡಿದಳು. ಹುಳದ ಮನೆಯ ಗೋಡೆಗೆ ಚಂದ್ರಿಕೆ ಒರಗಿಸಿದ್ದರು. ಅದರ ಪಕ್ಕದಲ್ಲೇ ಗೋಡೆಗೆ ಬೆನ್ನು ತಾಗಿಸಿ, ಮೈಗಂಟಿದ ಗಿಡ್ಡ ತೋಳಿನ ಚೂಡಿದಾರದಲ್ಲಿ ನಿಂತ ಚಿತ್ರ ಅದು.

ಆಫ್ತಾಬ್ ಎಂದಿನಂತೆ ಬರೆದ: "ಈ ಹುಡುಗಿಗೆ ಅರಿಶಿನ ಬಣ್ಣದ, ಕೆಂಪು ಅಂಚಿನ ರೇಷ್ಮೆ ಸೀರೆ ಉಡಿಸು. ಮೊಣಕೈವರೆಗಿನ ತೋಳಿನ ರವಿಕೆ. ಸುಂದರವಾದ ಮದುಮಗಳು. ನಾಜೂಕಾದ ಮಾಡೆಲ್ ಲುಕ್." ಬಂದ ಚಿತ್ರವನ್ನು ಹಿಗ್ಗಿನಿಂದ ಎರಡು ಸಲ ನೋಡಿದ. ಕಳಿಸಿದ. ಭಾನುಪ್ರಿಯಳಿಂದ ಒಂದೇ ಒಂದು ಮಾತು ಬಂತು: "ಇದು ನಾನಾ ಅಣ್ಣ?" ಆಫ್ತಾಬ್ ಅದನ್ನು ಹೊಗಳಿಕೆ ಎಂದುಕೊಂಡು, ನಗುವ ಮುಖ ಒಂದನ್ನು ಕಳಿಸಿ, ಟೀ ಕುಡಿಯಲು ಹೋದ.

ಮೂರನೆಯ ದಿನ ಅವಳ ಅಣ್ಣ ಸ್ವಾಮಿ ಸೀರೆ ಹಿಡಿದುಕೊಂಡು ಅಂಗಡಿಗೆ ಬಂದ. ಮದುವೆಗೆ ಹನ್ನೆರಡು ದಿನ ಇತ್ತು. ಸೀರೆಯ ಜೊತೆ ಆಫ್ತಾಬನ ಚಿತ್ರದ ಪ್ರಿಂಟು ಇತ್ತು, ಅಳತೆ ರವಿಕೆಯೂ ಇತ್ತು. ಅಳತೆ ರವಿಕೆ ಎಂದರೆ ನಮ್ಮ ಕಡೆ ಟೈಲರಿಗೆ ಕೊಡುವ ಪ್ರಮಾಣಪತ್ರ. ಮೈಗೆ ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ಕೊಟ್ಟು, ಇದರಂತೆ ಹೊಲಿ ಎಂದರೆ ಮುಗಿಯಿತು. ಟೇಪು ಬೇಡ, ಮಾತು ಬೇಡ, ನಾಚಿಕೆಯೂ ಬೇಡ.

"ಇದೇ ಅಳತೆ ಅಂತೆ ಕಣಕ್ಕ. ಒಂದು ನೂಲೂ ಹೆಚ್ಚು ಕಮ್ಮಿ ಮಾಡ್ಬ್ಯಾಡಿ ಅಂತ ಯೋಳವ್ಳೆ" ಎಂದ ಸ್ವಾಮಿ.

ಕೆಹಕಶಾನ್ ಸೀರೆ ಬಿಡಿಸಿ ಅದರ ತುದಿಯ ಬ್ಲೌಸ್ ಪೀಸ್ ನೋಡಿದಳು. ಸೀರೆಯ ಜೊತೆಯಲ್ಲೇ ನೇಯ್ದದ್ದು, ಮೀಟರಿಗೂ ಕಮ್ಮಿ. ತೋಳಿಗೆ ಬೇಕಾದ ಕೆಂಪು ಅಂಚು ಅದರಲ್ಲಿ ಮಾತ್ರ ಇತ್ತು. ಇಂಥ ಬಟ್ಟೆಗೆ ಕತ್ತರಿ ಹಾಕುವುದು ಒಂದೇ ಸಲ. ದೊಡ್ಡದಾಗಿ ಕತ್ತರಿಸಿದ್ದನ್ನು ಹಿಡಿದು ಹೊಲಿಯಬಹುದು, ಚಿಕ್ಕದಾಗಿ ಕತ್ತರಿಸಿದ್ದನ್ನು ಬೆಳೆಸಲು ಯಾವ ಮಿಷನ್ನಿನಿಂದಲೂ ಆಗದು. ಗಂಡಿನ ಮನೆಯವರು ಕೊಟ್ಟ ಧಾರೆ ಸೀರೆಗೆ ಬೇರೆ ಬಟ್ಟೆಯ ರವಿಕೆ ತೊಟ್ಟು ಹಸೆಮಣೆ ಏರಿದರೆ, ಕುದೂರಿನ ಹೆಂಗಸರು ಅದನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅದಕ್ಕೆ ಅವಳು ಕತ್ತರಿ ಎತ್ತುವ ಮುಂಚೆ ಅಳತೆ ರವಿಕೆಯನ್ನು ಎತ್ತಿಕೊಂಡು ಮೂಸಿದಳು.

"ನುಸಿಗುಳಿಗೆ ವಾಸನೆ" ಎಂದಳು. ಆಮೇಲೆ ತಿರುವಿ ಒಳಹೊಲಿಗೆ ನೋಡಿದಳು. "ಇದು ನಾನೇ ಹೊಲಿದದ್ದು. ಪಿಯುಸಿ ಸೆಂಡಾಫ್‌ಗೆ. ಪಕ್ಕದಲ್ಲಿ ಎರಡಿಂಚು ಬಟ್ಟೆ ಬಿಟ್ಟಿದ್ದೆ, ಬಿಚ್ಚೇ ಇಲ್ಲ. ತೋಳಿನ ಸುತ್ತು ಹತ್ತೂವರೆ ಇಂಚು. ಸ್ವಾಮಿ, ನಿನ್ನ ತಂಗಿ ತೋಳು ಹತ್ತೂವರೆನಾ?"

ಸ್ವಾಮಿ ತಲೆ ಕೆರೆದುಕೊಂಡ. "ಇಲ್ಲ ಕಣಕ್ಕ. ಆದ್ರೆ ಮದ್ವೆ ಒತ್ಗೆ ಆಯ್ತದೆ ಅಂತವ್ಳೆ. ಈ ಫೋಟೋ ಬಂದಾಗಿಂದ ಮುದ್ದೆ ಮುಟ್ತಿಲ್ಲ. ಜೀರಿಗೆ ನೀರು, ಸೌತೇಕಾಯಿ, ಮಜ್ಜಿಗೆ, ಇಷ್ಟೇಯ. ಮನೇಲಿ ಹುಳ ಕೊನೇ ಪೊರೆ ಬಿಟ್ಟು, ದೊಡ್ಡ ಜ್ವರ ಎದ್ದು ಹಗಲೂ ರಾತ್ರಿ ತಿಂತಾ ಅವೆ, ಇವ್ಳು ನೋಡಿದ್ರೆ ಬಾಯಿ ಬುಡಾಕಿಲ್ಲ. ನೆನ್ನೆ ಚಂದ್ರಿಕೆ ಎತ್ತಕ್ಕೋಗಿ ಕಣ್ಣು ಕತ್ಲೆ ಬಂದು ಕೂತ್ಕಂಬುಟ್ಲು."

ಅವನು ಹೋದ ಮೇಲೆ ಅಂಗಡಿಯಲ್ಲಿ ಕನ್ನಡ ಶುರುವಾಗಲಿಲ್ಲ. ಆಫ್ತಾಬನಿಗೆ ಭಯ ಹುಟ್ಟಿದ್ದೇ ಆಗ. ಕೆಹಕಶಾನ್ ಕನ್ನಡದಲ್ಲಿ ಬಯ್ದರೆ ಮಳೆ ಬಂದು ನಿಂತ ಹಾಗೆ, ಸುಮ್ಮನಿದ್ದರೆ ಮೋಡ ಕಟ್ಟಿದ ಹಾಗೆ.

"ಆ ಹುಡುಗಿ ಕಳಿಸಿದ ಅಸಲಿ ಫೋಟೋ ಇದೆಯಾ?" ಎಂದು ಕೇಳಿದಳು. ಇತ್ತು. "ಇದನ್ನೂ ಅದನ್ನೂ ಒಂದೇ ಸೈಜಿಗೆ ಪ್ರಿಂಟ್ ಹಾಕಿಸಿಕೊಂಡು ಬಾ."

ಪಕ್ಕದ ಜೆರಾಕ್ಸ್ ಅಂಗಡಿಯಿಂದ ಎರಡು ಹಾಳೆ ಬಂದವು. ಕೆಹಕಶಾನ್ ಅವನ್ನು ಕಟಿಂಗ್ ಟೇಬಲ್ಲಿನ ಮೇಲೆ ಅಕ್ಕಪಕ್ಕ ಹಾಸಿ, ಕತ್ತಿನಿಂದ ಟೇಪು ಇಳಿಸಿದಳು. ಆಫ್ತಾಬನಿಗೆ ನಗು ಬಂತು, ಆದರೆ ಆಚೆ ಬರಲು ಅದಕ್ಕೆ ಧೈರ್ಯ ಸಾಲಲಿಲ್ಲ.

ಅವಳು ಮೊದಲು ಅಳೆದದ್ದು ಹುಡುಗಿಯನ್ನಲ್ಲ, ಚಂದ್ರಿಕೆಯನ್ನು. ರಾಮನಗರದಲ್ಲಿ ಅವಳ ಅಪ್ಪ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದವರು. ಹುಳ ಗೂಡು ಕಟ್ಟಲು ಬಿಡುವ ಈ ಬಿದಿರಿನ ತಟ್ಟಿಯ ಲೆಕ್ಕ ಅವಳಿಗೆ ಎಬಿಸಿಡಿಗಿಂತ ಮೊದಲೇ ಬಂದಿತ್ತು. ಚಂದ್ರಿಕೆ ಎಂದರೆ ಆರಡಿ ಉದ್ದ, ನಾಲ್ಕಡಿ ಅಗಲ. ಎರಡು ಹಾಳೆಯಲ್ಲೂ ನೆಟ್ಟಗೆ ನಿಂತ ಚಂದ್ರಿಕೆ ಎಂಟಿಂಚು ಬಂತು. ಅಸಲಿ ಫೋಟೋದಲ್ಲಿ ಪಕ್ಕದ ಹುಡುಗಿ ಆರೂವರೆ ಇಂಚು. ಆಫ್ತಾಬನ ಚಿತ್ರದಲ್ಲಿ ಏಳೂವರೆ.

"ಲೆಕ್ಕ ಹಾಕು, ಹಾಳೆ ಮೇಲಿನ ಒಂದಿಂಚು ಅಂದ್ರೆ ನಿಜದ ಒಂಬತ್ತಿಂಚು. ಇಲ್ಲಿ ನಾಲ್ಕಡಿ ಹತ್ತೂವರೆ ಇಂಚು ಇದ್ದವಳು ಅಲ್ಲಿ ಐದಡಿ ಏಳೂವರೆ. ರವಿಕೆ ತೊಡಿಸು ಅಂದ್ರೆ ಒಂಬತ್ತಿಂಚು ಎಳೆದುಬಿಟ್ಟಿದ್ದೀಯಲ್ಲ, ಇವಳೇನು ಮನುಷ್ಯಳೋ ರಬ್ಬರೋ?" ಎಂದಳು. ಇದು ಕನ್ನಡದಲ್ಲಿ. ಆಫ್ತಾಬನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು.

ಆಮೇಲೆ ತಲೆ ಲೆಕ್ಕ. ನೆತ್ತಿಯಿಂದ ಗದ್ದದವರೆಗಿನ ಅಳತೆಯನ್ನು ಬೆರಳಲ್ಲಿ ಹಿಡಿದು ಕೆಳಗಿಳಿಸುತ್ತ ಹೋದಳು. ಅಸಲಿಯಲ್ಲಿ ಮೈ ಆರೂವರೆ ತಲೆಯಷ್ಟು, ಚಿತ್ರದಲ್ಲಿ ಎಂಟು ತಲೆ. ಅಸಲಿಯಲ್ಲಿ ತೋಳಿನ ಅಗಲ ಮುಖದ ಅಗಲದ ಮುಕ್ಕಾಲು ಪಾಲು. ಚಿತ್ರದಲ್ಲಿ ಅರ್ಧವೂ ಇಲ್ಲ.

"ನಾನೆಲ್ಲಿ ಸಣ್ಣ ಮಾಡು ಅಂತ ಬರೆದೆ? ಸೀರೆ ಉಡಿಸು ಅಂದೆ ಅಷ್ಟೆ" ಎಂದು ಆಫ್ತಾಬ್ ಫೋನು ಮುಂದೆ ಹಿಡಿದ.

ಕೆಹಕಶಾನ್ ಅವನು ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಸುಂದರವಾದ. ನಾಜೂಕಾದ. ಮಾಡೆಲ್ ಲುಕ್. ಇದನ್ನೆಲ್ಲ ನಿನ್ನನ್ನು ಯಾರು ಬರೆ ಅಂದರು? ಅದು ಮಾಡೆಲ್ಲುಗಳ ಲಕ್ಷಾಂತರ ಫೋಟೋ ನೋಡಿ ಕಲಿತಿರೋ ಯಂತ್ರ. ನಾಜೂಕು ಅಂದ್ರೆ ಅದಕ್ಕೆ ಕಡ್ಡಿ ಅಂತ ಅರ್ಥ. ಸುಮ್ಮನಿದ್ದರೂ ಅದು ಆ ಕಡೆಗೇ ವಾಲುತ್ತೆ, ನೀನು ಬೇರೆ ಹಿಂದಿನಿಂದ ತಳ್ಳಿದ್ದೀಯ." ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು. "ಆ ಹುಡುಗಿ ಮೈಗೇ ಈ ಸೀರೆ ಉಡಿಸಿದ ಫೋಟೋ ಬೇಕು. ಎತ್ತರ ಅದೇ, ಅಗಲ ಅದೇ. ಅದನ್ನು ಅವಳು ನೋಡಿ, ಇದು ನಾನು ಅನ್ನಬೇಕು. ಅಲ್ಲೀವರೆಗೂ ಈ ಬಟ್ಟೆಗೆ ನಾನು ಕತ್ತರಿ ಹಾಕಲ್ಲ. ಹಾಳು ಮಾಡಿದವನು ನೀನು, ಸರಿ ಮಾಡೋನೂ ನೀನೇ."

ಆಫ್ತಾಬ್ ಆ ಮಧ್ಯಾಹ್ನ ಪಟ್ಟ ಪಾಡು ಶತ್ರುವಿಗೂ ಬೇಡ. ಮೊದಲು ಅವನು ಸುಲಭದ ದಾರಿ ಹಿಡಿದ. ಇದ್ದ ತೆಳ್ಳನೆ ಚಿತ್ರವನ್ನೇ ಕೊಟ್ಟು "ಸ್ವಲ್ಪ ದಪ್ಪ ಮಾಡು" ಎಂದು ಬರೆದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕೆನ್ನೆ ಬೋಂಡದಂತೆ ಉಬ್ಬಿತು, ಎತ್ತರ ಮಾತ್ರ ಇಳಿಯಲಿಲ್ಲ. ಐದಡಿ ಏಳೂವರೆ ಇಂಚಿನ ಪೈಲ್ವಾನಳೊಬ್ಬಳು ರೇಷ್ಮೆ ಸೀರೆ ಉಟ್ಟು, ಚಂದ್ರಿಕೆಯನ್ನು ಒಂದೇ ಕೈಯಲ್ಲಿ ಮುರಿಯುವವಳಂತೆ ನಿಂತಿದ್ದಳು. ಮುಖ ಭಾನುಪ್ರಿಯಳದಲ್ಲ, ಅವಳ ದೂರದ ಸೋದರತ್ತೆಯದಿದ್ದರೂ ಇರಬಹುದು.

"ನಕಲಿನ ಮೇಲೆ ನಕಲು ಮಾಡಿದ್ರೆ ಹಿಂಗೇ ಆಗೋದು" ಎಂದಳು ಕೆಹಕಶಾನ್ ಮಿಷನ್ ತುಳಿಯುತ್ತಲೇ. "ತಪ್ಪು ಹೊಲಿದ ರವಿಕೇನ ಅಳತೆಗೆ ಇಟ್ಕೊಂಡು ಇನ್ನೊಂದು ಹೊಲೀತಾರಾ? ಅಸಲಿಯಿಂದ ಶುರು ಮಾಡು."

ಅಸಲಿಯಿಂದ ಶುರು ಮಾಡಿದ. ಈ ಸಲ ವಿಶೇಷಣಗಳನ್ನೆಲ್ಲ ಕಿತ್ತುಹಾಕಿ, ನೋಟೀಸಿನಂತೆ ಬರೆದ: "ಬಟ್ಟೆ ಮಾತ್ರ ಬದಲಾಯಿಸು. ಎತ್ತರ, ಭುಜ, ತೋಳು, ಸೊಂಟ, ನಡು ಇವುಗಳ ಅಳತೆ ಈ ಫೋಟೋದಲ್ಲಿ ಇರುವಂತೆಯೇ ಇರಲಿ. ಸಣ್ಣ ಮಾಡಬೇಡ, ಉದ್ದ ಮಾಡಬೇಡ. ಮುಖ, ಕೂದಲು, ನಿಂತ ಭಂಗಿ, ಹಿಂದಿನ ಗೋಡೆ, ಚಂದ್ರಿಕೆ ಯಾವುದನ್ನೂ ಮುಟ್ಟಬೇಡ. ಬಟ್ಟೆ ಮೈಗೆ ಹೊಂದಬೇಕು, ಮೈ ಬಟ್ಟೆಗಲ್ಲ." ಕೊನೆಯ ವಾಕ್ಯ ಬರೆದ ಮೇಲೆ ಅವನಿಗೆ ತನ್ನ ಮೇಲೆ ತನಗೇ ಗೌರವ ಮೂಡಿತು.

ಚಿತ್ರ ಬಂತು. ಭುಜ ಸರಿ, ಮುಖ ಸರಿ, ತೋಳೂ ಹೆಚ್ಚುಕಮ್ಮಿ ಸರಿ. ಕುಣಿದಾಡಿಕೊಂಡು ಹೆಂಡತಿಗೆ ತೋರಿಸಿದ. ಅವಳು ಟೇಪು ಇಟ್ಟಳು. ಚಂದ್ರಿಕೆ ಎಂಟು, ಹುಡುಗಿ ಏಳು ಇಂಚಿಗೆ ಒಂಚೂರು ಕಮ್ಮಿ. ಎಲ್ಲಿಂದ ಬಂತು ಈ ಹೆಚ್ಚುವರಿ? ಸೀರೆಯ ನೆರಿಗೆಯ ಕೆಳಗೆ ಕಣ್ಣಿಟ್ಟು ನೋಡಿದರೆ, ಯಾರೂ ಹೇಳದೆ ಕೇಳದೆ ಯಂತ್ರ ಹುಡುಗಿಗೆ ಹೀಲ್ಡು ಚಪ್ಪಲಿ ತೊಡಿಸಿತ್ತು. ಹುಳದ ಮನೆಯಲ್ಲಿ! ಅಲ್ಲಿಗೆ ಬರಿಗಾಲಲ್ಲಿ ಹೋಗಬೇಕು, ಇಲ್ಲದಿದ್ದರೆ ಕೆಂಚಮ್ಮ ಚಪ್ಪಲಿಯನ್ನು ಹಿತ್ತಲಿಗೆ ಎಸೆಯುತ್ತಾಳೆ. ಸಾಲದ್ದಕ್ಕೆ ಸೊಂಟದ ಎರಡೂ ಕಡೆಯಿಂದ ಒಂದೊಂದು ಬೆರಳಷ್ಟು ಕದ್ದು, ಆ ಜಾಗಕ್ಕೆ ನೀಟಾಗಿ ಗೋಡೆ ಬಳಿದಿತ್ತು.

"ಮಾತು ಕೇಳೋದಿಲ್ಲ ಇದು" ಎಂದ ಆಫ್ತಾಬ್ ಸೋತ ದನಿಯಲ್ಲಿ. "ಬೇಡ ಅಂದದ್ದನ್ನೇ ಮಾಡುತ್ತೆ."

"ಮಾತಲ್ಲಿ ಹೇಳಿದ್ದು ಸಾಲದಿದ್ರೆ ಗೆರೆ ಹಾಕಿ ಹೇಳಬೇಕು. ನಾನು ಬಟ್ಟೆ ಮೇಲೆ ಚಾಕ್ ಎಳೆಯೋದು ಯಾಕೆ? ಕತ್ತರಿ ದಾರಿ ತಪ್ಪದಿರಲಿ ಅಂತ."

ಅವಳು ಹೇಳಿದ್ದು ಚಾಕಿನ ಮಾತು, ಆದರೆ ಆಫ್ತಾಬನಿಗೆ ಫೋನಿನಲ್ಲೇ ಒಂದು ಕುಂಚದ ಗುರುತು ನೋಡಿದ್ದು ನೆನಪಾಯಿತು. ಅದರಿಂದ ಬಳಿದ ಜಾಗವನ್ನು ಮಾತ್ರ ಆ ಎಐ ಬದಲಾಯಿಸುತ್ತದೆ, ಉಳಿದದ್ದು ಇದ್ದಂತೆ ಇರುತ್ತದೆ. ಇಷ್ಟು ದಿನ ಅದು ಯಾಕಿದೆ ಎಂದು ಕೇಳುವ ತಾಳ್ಮೆ ಅವನಿಗಿರಲಿಲ್ಲ. ಈಗ ಕೂತು, ಹುಡುಗಿಯ ಚೂಡಿದಾರ ಮತ್ತು ಮೊಣಕೈವರೆಗಿನ ತೋಳಿನ ಮೇಲಷ್ಟೇ ಬೆರಳಲ್ಲಿ ಬಳಿದ. ಮುಖ, ಕೂದಲು, ಮೊಣಕೈಯಿಂದ ಕೆಳಗಿನ ಕೈ, ಪಾದ ಇವೆಲ್ಲ ಗೆರೆಯಾಚೆ. ಮೊದಲ ಸಲ ಧಾರಾಳವಾಗಿ ಸುತ್ತಲೂ ಬಳಿದುಬಿಟ್ಟಿದ್ದ. ಯಂತ್ರಕ್ಕೆ ಅಷ್ಟು ಜಾಗ ಸಿಕ್ಕಿದ್ದೇ ತಡ, ಒಳಗೊಳಗೇ ಸೊಂಟ ಕೆತ್ತಿ ಉಳಿದ ಕಡೆ ಮತ್ತೆ ಗೋಡೆ ಬಳಿಯಿತು. ಎರಡನೆಯ ಸಲ ಮೈಯಂಚಿಗೆ ಸರಿಯಾಗಿ, ನೆರಿಗೆ ಬರುವ ಕಡೆ ಮಾತ್ರ ಕೂದಲೆಳೆಯಷ್ಟು ಹೆಚ್ಚಾಗಿ ಬಳಿದ. ಬರೆದದ್ದರಲ್ಲೂ ಎರಡು ವಾಕ್ಯ ಸೇರಿಸಿದ: "ಈಕೆ ನಾಲ್ಕಡಿ ಹತ್ತೂವರೆ ಇಂಚು ಎತ್ತರದ, ತುಂಬಿದ ಮೈಯ ಹುಡುಗಿ. ಬರಿಗಾಲು." ಇದ್ದದ್ದನ್ನು ಇದ್ದ ಹಾಗೆ ಹೇಳಿದ ಆ ಮಾತನ್ನು ಅವನು ಎರಡು ಸಲ ಅಳಿಸಿ ಮತ್ತೆ ಬರೆದ. ಹುಡುಗಿಯೊಬ್ಬಳ ಬಗ್ಗೆ ಹೀಗೆ ಬರೆಯುವುದು ಬೈಗುಳದಂತೆ ಕಂಡಿತು. ಬರೆದು ಮುಗಿಸಿ ಓದಿದಾಗ ಅದು ಬೈಗುಳವಾಗಿರಲಿಲ್ಲ, ಬರೀ ಅಳತೆಯಾಗಿತ್ತು.

ಚಿತ್ರ ಬಂತು, ಪ್ರಿಂಟೂ ಬಂತು. ಕೆಹಕಶಾನ್ ಮಿಷನ್ ನಿಲ್ಲಿಸಿ ಎದ್ದಳು. ಚಂದ್ರಿಕೆ ಎಂಟು. ಹುಡುಗಿ ಆರೂವರೆ. ತಲೆ ಲೆಕ್ಕ ಸರಿ. ಎರಡು ಹಾಳೆಯನ್ನೂ ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದಳು. ಭುಜದ ಮೇಲೆ ಭುಜ ಕೂತಿತು, ತೋಳಿನ ಮೇಲೆ ತೋಳು ಕೂತಿತು. ನೆರಿಗೆ ಇರುವ ಕಡೆ ಮಾತ್ರ ಸೀರೆ ತುಸು ಆಚೆ ಇತ್ತು, ಅದು ನೆರಿಗೆಯ ನ್ಯಾಯ.

"ಹ್ಞೂ" ಎಂದಳು. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಆಫ್ತಾಬನ ಕೆಲಸಕ್ಕೆ ಸಿಕ್ಕ ಮೊದಲ ಹ್ಞೂ ಅದು.

"ಈಗ ಕಳಿಸು" ಎಂದಳು.

ಅವನಿಂದ ಆಗಲಿಲ್ಲ. ಕಳಿಸುವ ಗುರುತಿನ ಮೇಲೆ ಬೆರಳಿಟ್ಟು ಮೂರು ಸಲ ತೆಗೆದ. ಮೊನ್ನೆ ಮಾಡೆಲ್ಲು ಮಾಡಿದವನು ಇಂದು ಹೋಗಿ, ತಾಯೀ ನೀನು ಹೀಗಿದ್ದೀಯ ಎಂದು ಹೇಳುವುದು ಹೇಗೆ? ಅವಳು ಅತ್ತರೆ? ಊಟ ಬಿಟ್ಟವಳು ಮಜ್ಜಿಗೆಯನ್ನೂ ಬಿಟ್ಟರೆ? ಬೋರ್ಡಿನ ಹಳದಿ ಅಕ್ಷರಗಳು ಅವನಿಗೆ ಹಠಾತ್ತನೆ ಬಹಳ ದೊಡ್ಡದಾಗಿ ಕಂಡವು. ಮಾನಗೇಡಿನ ಭಯ ಒಂದು ಕಡೆ, ಆ ಹುಡುಗಿ ಹಸಿದುಕೊಂಡು ಸೊಪ್ಪು ಹೊರುತ್ತಿರುವ ಚಿತ್ರ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಚುಚ್ಚಿತು. ಒಳ್ಳೆಯ ಮನುಷ್ಯ ಅವನು, ಬುದ್ಧಿ ಸ್ವಲ್ಪ ನಿಧಾನ ಅಷ್ಟೆ.

ಕೊನೆಗೆ ಕೆಹಕಶಾನಳೇ ಫೋನ್ ಮಾಡಿದಳು. "ಭಾನು, ನಾಳೆ ಬಾ. ಅವ್ವನ್ನೂ ಕರ್ಕೊಂಡ್ ಬಾ. ನೀನು ಬರೋವರೆಗೂ ನಿನ್ನ ಬಟ್ಟೆ ಟೇಬಲ್ ಮೇಲೇ ಇರುತ್ತೆ" ಎಂದು ಇಟ್ಟುಬಿಟ್ಟಳು.

ಮರುದಿನ ಹನ್ನೊಂದರ ಬಸ್ಸಿಗೆ ತಾಯಿ ಮಗಳು ಬಂದರು. ಕೆಂಚಮ್ಮ ಮಗಳಷ್ಟೇ ಎತ್ತರ, ಮಗಳಿಗಿಂತ ಒಂದು ಸುತ್ತು ಹೆಚ್ಚು. ಬಂದವಳೇ ಸ್ಟೂಲನ್ನು ಆಕ್ರಮಿಸಿ, "ಹುಳ ಹಣ್ಣಾಗಿ ಗೂಡು ಕಟ್ಟೋ ಒತ್ತು ಕಣವ್ವ, ಮನೇಲಿ ಕೆಲ್ಸ ಬೆಟ್ಟದಂಗೈತೆ, ಜಲ್ದಿ ಯೋಳು ಏನ್ ಸಮಾಚಾರ" ಎಂದಳು. ಭಾನುಪ್ರಿಯ ನಿಂತೇ ಇದ್ದಳು. ನಗು ಇರಲಿಲ್ಲ, ಮುಖ ಬಾಡಿತ್ತು. ಅವಳ ದುಪ್ಪಟ್ಟ ಎರಡು ಸುತ್ತು ಬಂದು ತೋಳುಗಳನ್ನು ಮುಚ್ಚಿತ್ತು.

"ನನ್ನಿಂದ ತಪ್ಪಾಯ್ತಮ್ಮ" ಎಂದ ಆಫ್ತಾಬ್. ಮಾತು ಬಾಯಿಂದ ಬಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಆ ಫೋಟೋ ಸುಳ್ಳು. ನಿನ್ನನ್ನು ಒಂಬತ್ತಿಂಚು ಎಳೆದು, ಎರಡು ಕಡೆಯಿಂದ ಕೆತ್ತಿ ಮಾಡಿದ್ದದು. ಹತ್ತು ದಿನ ಅಲ್ಲ, ಹತ್ತು ವರ್ಷ ಉಪವಾಸ ಬಿದ್ರೂ ಯಾರೂ ಹಂಗಾಗಲ್ಲ. ಮೂಳೆ ಬೆಳೆಯಲ್ಲ ನೋಡು."

"ಒಸಿ ಸಣ್ಣ ಆದ್ರೂ ಆಯ್ತೀನಲ್ಲ ಅಣ್ಣ" ಎಂದಳು ಹುಡುಗಿ ನೆಲ ನೋಡುತ್ತ.

ಹೊಸ ಪ್ರಿಂಟು ಆಫ್ತಾಬನ ಕೈಯಲ್ಲಿತ್ತು. ಹುಡುಗಿಯ ಕಡೆ ಚಾಚಲು ಹೋದ ಕೈ ಅರ್ಧದಾರಿಯಲ್ಲಿ ಹೆದರಿ, ತಿರುಗಿ ಕೆಂಚಮ್ಮನ ಮಡಿಲಿಗೆ ಹಾಳೆಯನ್ನು ಹಾಕಿತು. ಅದು ಹೇಡಿತನವೇ, ಅನುಮಾನವಿಲ್ಲ. ಆದರೆ ಕೆಲವೊಮ್ಮೆ ಹೇಡಿಯ ಕೈಯೂ ಸರಿಯಾದ ಕಡೆಗೆ ಹೋಗಿಬಿಡುತ್ತದೆ.

ಕೆಂಚಮ್ಮ ಹಾಳೆಯನ್ನು ತೋಳುದ್ದ ದೂರ ಹಿಡಿದಳು, ಹತ್ತಿರ ತಂದಳು, ಮತ್ತೆ ದೂರ ಹಿಡಿದಳು. ಇದ್ದಕ್ಕಿದ್ದಂತೆ ಅವಳು ಮಗಳ ಕಡೆ ತಿರುಗಿದಳು.

"ಥೂ, ನಿನ್ ಮಕಕ್ಕೆ! ಇಂಥಾ ಧಾರೆ ಸೀರೆ ಉಟ್ಕೊಂಡು, ತಲೆ ಬಾಚ್ಕಳದೆ ನಿಂತಿದ್ದೀಯಲ್ಲೇ! ಕೂದ್ಲೆಲ್ಲಾ ಸೊಪ್ಪು ಮೆತ್ಕಂಡೈತೆ. ಕುದೂರ್ನೋರು ನೋಡಿದ್ರೆ ಏನಂದಾರು? ಎಷ್ಟ್ ಸಲ ಯೋಳಿದ್ದೀನಿ ನಿಂಗೆ, ಫೋಟಾ ತೆಗಿಸ್ಕಳಾಗ ಒಸಿ ಎಣ್ಣೆ ಹಚ್ಚಿ ಬಾಚ್ಕೋ ಅಂತ!"

ಬಟ್ಟೆ ಮಾತ್ರ ಬದಲಾಯಿಸು ಎಂದಿದ್ದಕ್ಕೆ ಯಂತ್ರ ಕೂದಲನ್ನು ಇದ್ದ ಹಾಗೇ ಬಿಟ್ಟಿತ್ತು. ಕೆಂಚಮ್ಮ ಬಯ್ಯುತ್ತಲೇ ಇದ್ದಳು. ಸೀರೆ ಎಲ್ಲಿಂದ ಬಂತು, ಇದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಅವಳಿಗೆ ಹೊಳೆದಿರಲಿಲ್ಲ.

ಭಾನುಪ್ರಿಯ ಗೋಡೆ ಹಿಡಿದುಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಆಫ್ತಾಬನಿಗೆ ಮೊದಲು ತಿಳಿಯಲಿಲ್ಲ. ಎರಡನ್ನೂ ಮಾಡುತ್ತಿದ್ದಳು.

"ಏನಾಯ್ತೇ?" ಎಂದು ಕೆಂಚಮ್ಮ ಗಾಬರಿಯಾದಳು.

"ಅವ್ವೋ, ಆವತ್ತು ಆ ಫೋಟೋ ತೋರ್ಸಿದ್ನಲ್ಲ, ನೀನೇನಂದೆ ನೆನಪೈತಾ? 'ಯಾರ ಮಗ್ಳೇ ಇದು, ಎಷ್ಟ್ ಚೆಂದಾಗವ್ಳೆ' ಅಂದೆ. ಹೆತ್ತೋಳು ನೀನು. ನಿಂಗೇ ನಾನು ಅಂತ ಗೊತ್ತಾಗ್ನಿಲ್ಲ. ಆ ಯಾರೋ ಮಗ್ಳಂಗೆ ನಾನಾದ್ರೆ ನೀನು ಚೆಂದ ಅಂತೀಯ ಅಂತ..."

ಕೆಂಚಮ್ಮನ ಕೈಯಲ್ಲಿ ಹಾಳೆ ನಿಂತಿತು. ಮಗಳನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡಿದಳು. ಒಳ್ಳೆಯ ಮಾತಾಡಿ ಅಭ್ಯಾಸವಿಲ್ಲದ ಬಾಯಿ ಅದು.

"ಅದು ಯಾರ ಮಗ್ಳೋ ನಂಗೊತ್ತಿಲ್ಲ" ಎಂದಳು ಕೊನೆಗೆ. "ಬೇರೇರ ಮಕ್ಳನ್ನ ಚೆಂದ ಅಂತೀವಿ. ನಮ್ ಮಕ್ಳಿಗೆ ತಲೆ ಬಾಚ್ಕೊ ಅಂತೀವಿ. ಬಾ ಇಲ್ಲಿ."

ಮಗಳನ್ನು ಎಳೆದು ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಕೈಚೀಲದಿಂದ ಬಾಚಣಿಗೆ ತೆಗೆದು, ಅಲ್ಲಿಯೇ ಬಾಚತೊಡಗಿದಳು. ಆಫ್ತಾಬ್ ಮುಖ ಆ ಕಡೆ ತಿರುಗಿಸಿ, ಹುಕ್ಕಿನ ಡಬ್ಬಿಯಲ್ಲಿ ಏನನ್ನೋ ಹುಡುಕಿದ. ಹುಕ್ಕುಗಳು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಅಣ್ಣ, ಈ ತಲೆ ಒಸಿ ಬಾಚಿಸ್ಕೊಡಾಕಾಯ್ತದಾ ನಿಮ್ ಫೋನ್ನಾಗೆ?" ಎಂದು ಕೆಂಚಮ್ಮ ಹಾಳೆ ತೋರಿಸಿ ಕೇಳಿದಳು. "ಗಂಡಿನ ಮನೇಗೆ ಕಳ್ಸಾನ ಅಂತಿವ್ನಿ."

"ಬೇಡಮ್ಮ, ಕೈ ಮುಗೀತೀನಿ" ಎಂದ ಆಫ್ತಾಬ್. "ತಲೆ ಬಾಚು ಅಂತ ಒಳಕ್ಕೆ ಬಿಟ್ರೆ ಅದು ಮತ್ತೆ ಸೊಂಟಕ್ಕೆ ಕೈ ಹಾಕುತ್ತೆ."

ಕೆಹಕಶಾನ್ ಪಿಯುಸಿ ರವಿಕೆಯನ್ನು ಮಡಿಸಿ ಕೆಂಚಮ್ಮನ ಚೀಲಕ್ಕೆ ಹಾಕಿದಳು. ಕತ್ತಿನ ಟೇಪು ತೆಗೆದು ಹುಡುಗಿಯ ಮುಂದೆ ನಿಂತಳು. ಭಾನುಪ್ರಿಯ ದುಪ್ಪಟ್ಟ ಬಿಚ್ಚಿ ಪಕ್ಕಕ್ಕಿಟ್ಟು, ತಾನಾಗಿಯೇ ತೋಳು ಎತ್ತಿದಳು. ಟೇಪು ತೋಳನ್ನು ಸುತ್ತಿತು, ನಿಂತಿತು, ಹಾಗೇ ಬಿಚ್ಚಿಕೊಂಡಿತು.

"ಬೆಳಗ್ಗೆ ಏನು ತಿಂದೆ?"

"ಮಜ್ಜಿಗೆ."

"ಹಸಿದ ಹೊಟ್ಟೆಗೆ ನಾನು ಅಳತೆ ತಗೊಳ್ಳಲ್ಲ. ರವಿಕೆ ಬಿಗಿಯಾಗುತ್ತೆ." ಗಂಡನ ಕಡೆ ತಿರುಗಿ, ಈ ಸಲ ಮನೆಯ ಉರ್ದುವಿನಲ್ಲಿ, ಬಹಳ ಮೆತ್ತಗೆ ಏನೋ ಹೇಳಿದಳು.

ಆಫ್ತಾಬ್ ಹೋಟೆಲಿಗೆ ಓಡಿದ. ನಾಲ್ಕು ತಟ್ಟೆ ಇಡ್ಲಿ ತಂದ. ಭಾನುಪ್ರಿಯ ಎರಡನ್ನು ಮಾತಿಲ್ಲದೆ ತಿಂದಳು, ಮೂರನೆಯದನ್ನು ಚಟ್ನಿ ಹಾಕಿಸಿಕೊಂಡು ತಿಂದಳು, ನಾಲ್ಕನೆಯದನ್ನು ಅವ್ವನ ಜೊತೆ ಪಾಲು ಮಾಡಿಕೊಂಡಳು. ಕೈ ತೊಳೆದು ಬಂದು, ಮುಖ ಒರೆಸಿಕೊಂಡು ಕೆಹಕಶಾನಳ ಮುಂದೆ ನೆಟ್ಟಗೆ ನಿಂತಳು.

"ತೋಳು ಹದಿನಾಲ್ಕು" ಎಂದಳು ಕೆಹಕಶಾನ್.

"ಹದಿನಾಲ್ಕೂಕಾಲು ಇಡಿ ಅಕ್ಕ" ಎಂದಳು ಭಾನುಪ್ರಿಯ. "ಮದುವೆ ದಿನ ಊಟ ಮಾಡ್ಬೇಕು."